‘ಈವರೆಗೆ ಯಾರೂ ಅಧ್ಯಯನ ಮಾಡಿಲ್ಲ’ ಎಂದರೆ ಸಾಕೇ?

ಕನ್ನಡದ ಪಿಎಚ್.ಡಿ. ಮಹಾಪ್ರಬಂಧಗಳ ಮೊದಲ ಅಧ್ಯಾಯಗಳನ್ನು ಓದುತ್ತಾ ಹೋದರೆ ಒಂದು ವಾಕ್ಯ ಮತ್ತೆ ಮತ್ತೆ ಎದುರಾಗುತ್ತದೆ: ‘ಈ ವಿಷಯವನ್ನು ಕುರಿತು ಈವರೆಗೆ ಸಮಗ್ರ ಅಧ್ಯಯನ ನಡೆದಿಲ್ಲ, ಆ ಕೊರತೆಯನ್ನು ತುಂಬುವ ಪ್ರಯತ್ನ ಇಲ್ಲಿದೆ.’ ವಿಷಯ ಜನಪದ ಗೀತೆಯಾಗಲಿ, ಸಹಕಾರಿ ಬ್ಯಾಂಕಾಗಲಿ, ಅಂತರ್ಜಲದ ಫ್ಲೋರೈಡ್ ಆಗಲಿ, ವಾಕ್ಯ ಮಾತ್ರ ಬದಲಾಗುವುದಿಲ್ಲ. ಇದನ್ನೇ ವಿಶ್ವವಿದ್ಯಾಲಯದ ಮಾತಿನಲ್ಲಿ ‘ರಿಸರ್ಚ್ ಗ್ಯಾಪ್’ ಎನ್ನುತ್ತಾರೆ, ಬರವಣಿಗೆಯಲ್ಲಿ ‘ಸಂಶೋಧನಾ ಅಂತರ’ ಎನ್ನುತ್ತಾರೆ. ವೈವಾದಲ್ಲಿ ಪರೀಕ್ಷಕರು ಹೆಚ್ಚಾಗಿ ಕೈ ಇಡುವುದೂ ಇಲ್ಲೇ. ‘ಯಾರೂ ಮಾಡಿಲ್ಲ, ಸರಿ. ಯಾಕೆ ಮಾಡಬೇಕಿತ್ತು?’ ಎಂದು ಅವರು ಕೇಳಿದಾಗ ಆ ವಾಕ್ಯದ ಹಿಂದೆ ಏನೂ ಇರುವುದಿಲ್ಲ.

ಒಂದು ಕೆಲಸ ಆಗಿಲ್ಲ ಎನ್ನುವುದು ಒಂದು ಸಂಗತಿ, ಅದು ಆಗಬೇಕಿದೆ ಎನ್ನುವುದು ಒಂದು ವಾದ. ಮೊದಲನೆಯದನ್ನು ಹೇಳಿಬಿಟ್ಟು ಎರಡನೆಯದು ತಾನಾಗಿ ಸಿದ್ಧವಾಯಿತು ಎಂದು ನಂಬುವುದರಿಂದಲೇ ನಮ್ಮ ಪೀಠಿಕೆಗಳು ಸೊರಗುತ್ತವೆ. ಜಗತ್ತಿನಲ್ಲಿ ಯಾರೂ ಅಧ್ಯಯನ ಮಾಡದ ವಿಷಯಗಳಿಗೆ ಲೆಕ್ಕವಿಲ್ಲ, ಅವುಗಳಲ್ಲಿ ಬಹುಪಾಲನ್ನು ಯಾರೂ ಮುಟ್ಟದಿದ್ದರೂ ನಷ್ಟವಿಲ್ಲ. ಅಧ್ಯಯನ ಬೇಕು ಎಂದು ಓದುಗನಿಗೆ ಅನ್ನಿಸಬೇಕಾದರೆ ಆತನನ್ನು ತಿಳಿದದ್ದರ ದಾರಿಯಲ್ಲಿ ಕೊನೆಯವರೆಗೆ ಕರೆದುಕೊಂಡು ಹೋಗಬೇಕು. ಅಲ್ಲಿ ನಿಂತಾಗ ಮುಂದಿನ ಪ್ರಶ್ನೆ ಅವನ ಬಾಯಿಂದಲೇ ಬರಬೇಕು.

ಈ ಭಾಗದ ರಚನೆಯನ್ನು ಮೊದಲು ಕೂಲಂಕಷವಾಗಿ ನೋಡಿದವರಲ್ಲಿ ಮುಖ್ಯರು ಭಾಷಾವಿಜ್ಞಾನಿ ಜಾನ್ ಸ್ವೇಲ್ಸ್. 1981ರಲ್ಲಿ ಅವರು ಬೇರೆ ಬೇರೆ ಶಾಸ್ತ್ರಗಳ 48 ಸಂಶೋಧನಾ ಲೇಖನಗಳ ಪೀಠಿಕೆಗಳನ್ನು ಬಿಡಿಸಿ ನೋಡಿದರು. 1990ರ ತಮ್ಮ ಪುಸ್ತಕದಲ್ಲಿ ಆ ಕೆಲಸವನ್ನು ಪರಿಷ್ಕರಿಸಿ ಮೂರು ನಡೆಗಳ ಮಾದರಿಯೊಂದನ್ನು ಕೊಟ್ಟರು. ಲೇಖಕ ಮೊದಲು ತಾನು ಕೆಲಸ ಮಾಡುವ ಕ್ಷೇತ್ರವನ್ನು ತೋರಿಸುತ್ತಾನೆ, ಆಮೇಲೆ ಅದರೊಳಗೆ ತನಗೊಂದು ಜಾಗ ಮಾಡಿಕೊಳ್ಳುತ್ತಾನೆ, ಕೊನೆಗೆ ಆ ಜಾಗದಲ್ಲಿ ನೆಲೆಯೂರುತ್ತಾನೆ. ಅಂತರದ ಹೇಳಿಕೆ ಬರುವುದು ನಡುವಿನ ನಡೆಯಲ್ಲಿ. ‘ಆದರೆ’ ಎಂಬ ಪದ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದೂ ಅಲ್ಲಿಯೇ. ಈ ಜಾಗ ಮಾಡಿಕೊಳ್ಳಲು ಕೊರತೆಯನ್ನು ತೋರಿಸುವುದೊಂದೇ ಮಾರ್ಗ ಎಂದು ಸ್ವೇಲ್ಸ್ ಹೇಳಲಿಲ್ಲ. ಹಿಂದಿನವರ ಮಾತನ್ನು ಪ್ರಶ್ನಿಸಬಹುದು, ಹೊಸ ಪ್ರಶ್ನೆ ಎತ್ತಬಹುದು, ನಡೆದುಬಂದ ಕೆಲಸವನ್ನು ಮುಂದುವರಿಸಬಹುದು ಎಂದೂ ಅವರು ತೋರಿಸಿದ್ದರು. ನಾವು ಅವುಗಳಲ್ಲಿ ಎಲ್ಲಕ್ಕಿಂತ ಸುಲಭವಾದ ಒಂದನ್ನು ಹಿಡಿದುಕೊಂಡು ಉಳಿದವನ್ನು ಮರೆತೆವು.

ಸುಳ್ಳು ಅಂತರದಿಂದ ಏನು ಹಾನಿ ಎಂದು ಕೇಳಿದರೆ, ಅದರ ಬೆಲೆಯನ್ನು ರೋಗಿಗಳು ತೆತ್ತ ಉದಾಹರಣೆ ವೈದ್ಯಶಾಸ್ತ್ರದಲ್ಲಿದೆ. ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ರಕ್ತಸ್ರಾವ ಕಡಿಮೆ ಮಾಡಲು ಅಪ್ರೊಟಿನಿನ್ ಎಂಬ ಔಷಧ ಕೊಡುತ್ತಿದ್ದರು. 1987ರಿಂದ 2002ರವರೆಗೆ ಅದರ ಮೇಲೆ 64 ಪ್ರಯೋಗಗಳು ನಡೆದವು. ಕೆನಡಾದ ಡೀನ್ ಫರ್ಗುಸನ್ ಮತ್ತು ಜೊತೆಗಾರರು ಆ ಪ್ರಯೋಗಗಳನ್ನು ಕಾಲಕ್ರಮದಲ್ಲಿ ಒಂದೊಂದಾಗಿ ಕೂಡಿಸುತ್ತಾ ಬಂದು 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಔಷಧ ರಕ್ತ ಕೊಡಬೇಕಾದ ಅಗತ್ಯವನ್ನು ಕಡಿಮೆ ಮಾಡುತ್ತದೆ ಎಂಬುದು 1992ರಲ್ಲಿ, ಹನ್ನೆರಡನೆಯ ಪ್ರಯೋಗದ ಹೊತ್ತಿಗೇ ಖಚಿತವಾಗಿತ್ತು. ಆಮೇಲೆ ನಡೆದ ಐವತ್ತಕ್ಕೂ ಹೆಚ್ಚು ಪ್ರಯೋಗಗಳು ಉತ್ತರ ಸಿಕ್ಕಿದ್ದ ಪ್ರಶ್ನೆಯನ್ನೇ ಕೇಳಿದ್ದವು. ಕಾರಣವೂ ಗೊತ್ತಾಯಿತು: ಈ ಲೇಖನಗಳು ತಮಗಿಂತ ಹಿಂದೆ ನಡೆದ ಪ್ರಯೋಗಗಳಲ್ಲಿ ಸುಮಾರು ಐದರಲ್ಲೊಂದನ್ನಷ್ಟೇ ಉಲ್ಲೇಖಿಸಿದ್ದವು. ಹಿಂದಿನದನ್ನು ಓದದವನಿಗೆ ಎಲ್ಲೆಡೆಯೂ ಕೊರತೆಯೇ ಕಾಣುತ್ತದೆ.

ಈ ಕಥೆಗೆ ಇನ್ನೊಂದು ಭಾಗವಿದೆ, ನನಗೆ ಅದು ಇನ್ನೂ ಮುಖ್ಯವೆನಿಸುತ್ತದೆ. ಅಪ್ರೊಟಿನಿನ್ ಬಗ್ಗೆ ನಿಜವಾದ ಅಂತರವೊಂದು ಆಗಲೂ ಇತ್ತು. ಅದೇ ಕೆಲಸಕ್ಕೆ ಸಿಗುವ ಬೇರೆ ಔಷಧಗಳ ಜೊತೆ ಹೋಲಿಸಿದರೆ ಇದು ಎಷ್ಟು ಸುರಕ್ಷಿತ ಎಂಬ ಪ್ರಶ್ನೆ ಅದು. ಅಷ್ಟೊಂದು ಸಣ್ಣ ಪ್ರಯೋಗಗಳು ಸೇರಿಯೂ ಅದಕ್ಕೆ ಉತ್ತರ ಕೊಟ್ಟಿರಲಿಲ್ಲ. ಎರಡು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡ ‘ಬಾರ್ಟ್’ ಎಂಬ ಕೆನಡಾದ ಪ್ರಯೋಗ ಆ ಪ್ರಶ್ನೆಯನ್ನು ಎತ್ತಿಕೊಂಡಾಗ, ಅಪ್ರೊಟಿನಿನ್ ಪಡೆದವರಲ್ಲಿ ಸಾವು ಹೆಚ್ಚು ಕಂಡುಬಂದು ಅದನ್ನು ಅರ್ಧದಲ್ಲೇ ನಿಲ್ಲಿಸಬೇಕಾಯಿತು. ಅದರ ವರದಿ 2008ರಲ್ಲಿ ಪ್ರಕಟವಾಯಿತು. ಸುಳ್ಳು ಅಂತರವನ್ನು ತುಂಬುತ್ತಿದ್ದ ವರ್ಷಗಳಲ್ಲಿ ನಿಜವಾದ ಅಂತರ ಅದರ ಪಕ್ಕದಲ್ಲೇ ಬಾಯಿ ತೆರೆದು ಕುಳಿತಿತ್ತು.

ನಮ್ಮ ಪ್ರಬಂಧಗಳಲ್ಲಿ ಯಾರೂ ಸಾಯುವುದಿಲ್ಲ ನಿಜ. ಆದರೆ ಒಬ್ಬ ವಿದ್ಯಾರ್ಥಿಯ ನಾಲ್ಕೈದು ವರ್ಷ ಅದರಲ್ಲಿ ಕಳೆಯುತ್ತದೆ. ಆದ್ದರಿಂದ ಒಂದು ಅಂತರ ಹೇಗೆ ಗಟ್ಟಿಯಾಗುತ್ತದೆ ಎಂಬುದನ್ನು ನಮ್ಮ ಮನೆಯ ಉದಾಹರಣೆಯೊಂದರಲ್ಲೇ ಹಂತಹಂತವಾಗಿ ನೋಡೋಣ. ಶಿಕ್ಷಣಶಾಸ್ತ್ರದಲ್ಲಿ ಸಂಶೋಧನೆಗೆ ಸೇರಿದ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಿ. ಊರು ಬಳ್ಳಾರಿ ಕಡೆ, ಹಿಂದೆ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು. ಮಕ್ಕಳು ಒತ್ತಕ್ಷರ ಓದುವಾಗ ತಡವರಿಸುವುದನ್ನು ಕಂಡಿದ್ದಾಳೆ, ಅದರ ಮೇಲೆ ಕೆಲಸ ಮಾಡಬೇಕೆಂದಿದ್ದಾಳೆ. ಆಕೆಯ ಸಾರಲೇಖದ ಮೊದಲ ಕರಡು ಹೀಗಿದೆ:

‘ಓದು ಶಿಕ್ಷಣದ ಅಡಿಪಾಯ. ಓದುವಿಕೆಯನ್ನು ಕುರಿತು ಪಾಶ್ಚಾತ್ಯ ದೇಶಗಳಲ್ಲಿ ಹೇರಳವಾದ ಸಂಶೋಧನೆ ನಡೆದಿದೆ. ಆದರೆ ಕನ್ನಡದ ಮಕ್ಕಳು ಒತ್ತಕ್ಷರಗಳನ್ನು ಓದುವ ಬಗೆಯನ್ನು ಕುರಿತ ಅಧ್ಯಯನಗಳು ಅತ್ಯಲ್ಪ. ಬಳ್ಳಾರಿ ಜಿಲ್ಲೆಯಲ್ಲಂತೂ ಇಂತಹ ಅಧ್ಯಯನ ನಡೆದೇ ಇಲ್ಲ. ಆದ್ದರಿಂದ ಪ್ರಸ್ತುತ ಅಧ್ಯಯನ ಅತ್ಯಗತ್ಯವಾಗಿದೆ.’

ಇದರಲ್ಲಿ ಸುಳ್ಳು ಎಂದು ಬೆರಳು ಮಾಡಿ ತೋರಿಸುವಂಥದ್ದು ಹೆಚ್ಚಿಲ್ಲ. ತೊಂದರೆ ಬೇರೆ. ‘ಬಳ್ಳಾರಿ’ ತೆಗೆದು ‘ಬೀದರ್’ ಹಾಕಿ, ‘ಒತ್ತಕ್ಷರ’ ತೆಗೆದು ‘ಗುಣಿತಾಕ್ಷರ’ ಹಾಕಿ, ಪ್ಯಾರಾ ಹಾಗೇ ನಿಲ್ಲುತ್ತದೆ. ಪದಗಳನ್ನು ಅದಲು ಬದಲು ಮಾಡಿದರೂ ಅಲುಗದ ವಾದವು ಆ ವಿಷಯದ ಬಗ್ಗೆ ಏನನ್ನೂ ಹೇಳಿರುವುದಿಲ್ಲ. ‘ಅತ್ಯಲ್ಪ’ ಎಂಬ ಪದವನ್ನೂ ನೋಡಿ. ಎಷ್ಟು? ಯಾರವು? ಅವರು ಏನು ಕಂಡುಕೊಂಡರು? ‘ಅತ್ಯಲ್ಪ’ ಎಂದು ಬರೆದ ಕೈ ಆ ಅಲ್ಪವನ್ನೂ ಓದಿಲ್ಲವೇನೋ ಎಂಬ ಅನುಮಾನ ಪರೀಕ್ಷಕರಿಗೆ ತಕ್ಷಣ ಬರುತ್ತದೆ. ‘ಅತ್ಯಗತ್ಯ’ ಎಂಬುದಂತೂ ಓದುಗ ತಾನಾಗಿ ಕೊಡಬೇಕಾದ ತೀರ್ಪು. ಲೇಖಕಿಯೇ ಅದನ್ನು ಕೊಟ್ಟುಕೊಂಡರೆ ಅದಕ್ಕೆ ಬೆಲೆಯಿಲ್ಲ.

ಹಾಗಾದರೆ ಮೊದಲ ಕೆಲಸ ಹುಡುಕಾಟ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ‘ಶೋಧಗಂಗಾ’ದಲ್ಲಿ ಭಾರತದ ವಿಶ್ವವಿದ್ಯಾಲಯಗಳ ಲಕ್ಷಗಟ್ಟಲೆ ಪ್ರಬಂಧಗಳಿವೆ. ಇನ್ನೂ ನಡೆಯುತ್ತಿರುವ ಕೆಲಸಗಳ ಸಾರಲೇಖಗಳಿಗೆ ‘ಶೋಧಗಂಗೋತ್ರಿ’ ಇದೆ. ಕನ್ನಡದ ಓದಿನ ವಿಷಯಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆಗಳ ಗ್ರಂಥಾಲಯಗಳನ್ನು ನೋಡದೆ ‘ನಡೆದಿಲ್ಲ’ ಎಂದು ಬರೆಯುವ ಹಾಗೇ ಇಲ್ಲ. ಹುಡುಕುವ ಪದದಲ್ಲೂ ಎಡವಟ್ಟಾಗುತ್ತದೆ. ನಮ್ಮಂಥ ಲಿಪಿಯನ್ನು ಇಂಗ್ಲಿಷಿನಲ್ಲಿ ಬರೆಯುವವರು ಕೆಲವರು ‘ಅಕ್ಷರ’ ಎಂದೇ ಕರೆಯುತ್ತಾರೆ, ಕೆಲವರು ‘ಆಲ್ಫಾಸಿಲಬರಿ’ ಎನ್ನುತ್ತಾರೆ, ಇನ್ನು ಕೆಲವರು ‘ಅಬುಗಿಡ’ ಎನ್ನುತ್ತಾರೆ. ಒಂದೇ ಪದ ಹಾಕಿ ಹುಡುಕಿದವರಿಗೆ ಉಳಿದ ಎರಡು ಗುಂಪಿನ ಕೆಲಸ ಕಾಣುವುದೇ ಇಲ್ಲ. ಅದು ಕಾಣದಿದ್ದರೆ ಪೀಠಿಕೆಯಲ್ಲಿ ಇಲ್ಲದ ಅಂತರವೊಂದು ಹುಟ್ಟಿಕೊಳ್ಳುತ್ತದೆ.

ಹುಡುಕಿದಾಗ ನಮ್ಮ ವಿದ್ಯಾರ್ಥಿನಿಗೆ ಏನು ಸಿಗುತ್ತದೆ? ಯುರೋಪಿನ 13 ಭಾಷೆಗಳ ಮಕ್ಕಳನ್ನು ಹೋಲಿಸಿದ ಫಿಲಿಪ್ ಸೀಮೋರ್ ತಂಡದ 2003ರ ಅಧ್ಯಯನ ಸಿಗುತ್ತದೆ. ಹೆಚ್ಚಿನ ಭಾಷೆಗಳಲ್ಲಿ ಮಕ್ಕಳು ಮೊದಲ ತರಗತಿ ಮುಗಿಯುವಷ್ಟರಲ್ಲಿ ಸರಳ ಪದಗಳನ್ನು ಸರಿಯಾಗಿ ಓದುತ್ತಾರೆ, ಇಂಗ್ಲಿಷಿನಲ್ಲಿ ಮಾತ್ರ ತುಂಬಾ ತಡ ಎಂದು ಅದು ತೋರಿಸಿತ್ತು. ಓದಿನ ಸಂಶೋಧನೆಯೆಲ್ಲ ಆ ಒಂದು ವಿಚಿತ್ರ ಭಾಷೆಯ ಮೇಲೆ ನಿಂತಿದೆ ಎಂದು 2008ರಲ್ಲಿ ಡೇವಿಡ್ ಶೇರ್ ಮಾಡಿದ ಆಕ್ಷೇಪ ಸಿಗುತ್ತದೆ. ಕನ್ನಡದ ಬಗ್ಗೆಯೇ ಸೋನಾಲಿ ನಾಗ್ ಅವರ 2007ರ ಲೇಖನ ಸಿಗುತ್ತದೆ. ಕನ್ನಡದ ಮಕ್ಕಳಿಗೆ ಅಕ್ಷರಗಳ ಮೇಲೆ ಹಿಡಿತ ಬರುವ ಕೆಲಸ ಮೊದಲ ವರ್ಷದಲ್ಲಿ ಮುಗಿಯದೆ ಮೂರು ನಾಲ್ಕನೆಯ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ ಎಂದು ಅವರು ತೋರಿಸಿದ್ದಾರೆ. ಅವರೂ ಜೊತೆಗಾರರೂ 2014ರಲ್ಲಿ ಪ್ರಕಟಿಸಿದ ಮತ್ತೊಂದು ಲೇಖನ, ಮಗುವಿನ ಕಡೆಯ ಕಾರಣಗಳ ಜೊತೆಗೆ ಅಕ್ಷರದ ಕಡೆಯ ಕಾರಣಗಳನ್ನೂ ತೂಗಿ ನೋಡಿತು. ಒಂದು ಅಕ್ಷರ ಎಷ್ಟು ಬಾರಿ ಕಣ್ಣಿಗೆ ಬೀಳುತ್ತದೆ, ಅದರ ರೂಪ ಎಷ್ಟು ಜಟಿಲ ಎಂಬಂಥವು ಅವು.

ಇಷ್ಟು ಓದಿದ ಮೇಲೆ ‘ಅಧ್ಯಯನಗಳು ಅತ್ಯಲ್ಪ’ ಎಂಬ ವಾಕ್ಯವನ್ನು ಬರೆಯಲು ಆಕೆಗೆ ಮನಸ್ಸಾಗುವುದಿಲ್ಲ. ಅನೇಕರಿಗೆ ಇಲ್ಲಿ ಎದೆ ಒಡೆಯುತ್ತದೆ: ‘ಅಯ್ಯೋ, ಮಾಡಿಬಿಟ್ಟಿದ್ದಾರಲ್ಲ.’ ನನ್ನ ಪ್ರಕಾರ ಕೆಲಸ ಶುರುವಾಗುವುದೇ ಆ ಘಳಿಗೆಯಲ್ಲಿ. ಹಿಂದಿನವರು ಎಲ್ಲಿಯವರೆಗೆ ಬಂದು ನಿಂತರು ಎಂದು ಈಗ ನಿಖರವಾಗಿ ಗೊತ್ತಾಗಿದೆ. ಅಲ್ಲಿ ಏಕೆ ನಿಂತರು ಎಂದು ಕೇಳಬೇಕು. ಅವರಿಗೆ ಬೇಕಾಗಿರಲಿಲ್ಲವೇ? ಉಪಕರಣ ಇರಲಿಲ್ಲವೇ? ಅಥವಾ ಎರಡು ಕಾರಣಗಳು ಒಂದಕ್ಕೊಂದು ಹೆಣೆದುಕೊಂಡು ಬಿಡಿಸಲಾಗದೆ ಹೋಯಿತೇ? ಮೂರನೆಯ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಬಂದಾಗ ಸಿಗುವ ಅಂತರ ಬಹಳ ಗಟ್ಟಿಯಾದದ್ದು.

ನಮ್ಮ ವಿದ್ಯಾರ್ಥಿನಿಯ ಕಣ್ಣು ಅರ್ಕಾವತ್ತಿನ ಮೇಲೆ ಬೀಳುತ್ತದೆ ಎಂದುಕೊಳ್ಳೋಣ. ‘ತರ್ಕ’ ಎಂಬ ಪದವನ್ನು ಹೇಳಿ ನೋಡಿ: ಮೊದಲು ರಕಾರ, ಆಮೇಲೆ ಕಕಾರ. ಬರೆದು ನೋಡಿ: ಮೊದಲು ಕ, ಅದರ ಬಲಕ್ಕೆ ಅರ್ಕಾವತ್ತು. ಕಣ್ಣು ಕಾಣುವ ಕ್ರಮ ಒಂದು, ನಾಲಿಗೆ ನುಡಿಯುವ ಕ್ರಮ ಇನ್ನೊಂದು. ದೇವನಾಗರಿಯಲ್ಲೂ ಇಂಥದ್ದು ಇದೆ. ಹ್ರಸ್ವ ಇಕಾರದ ಚಿಹ್ನೆಯನ್ನು ವ್ಯಂಜನದ ಎಡಕ್ಕೆ ಬರೆಯುತ್ತಾರೆ, ಉಚ್ಚಾರ ಮಾತ್ರ ವ್ಯಂಜನದ ನಂತರ. ಜ್ಯೋತ್ಸ್ನಾ ವೈದ್ ಮತ್ತು ಅಶುಂ ಗುಪ್ತಾ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಕ್ರಮ ತಪ್ಪಿದ ಪದಗಳನ್ನು ಓದಲು ಹಿಂದಿ ಓದುಗರಿಗೆ ಹೆಚ್ಚು ಹೊತ್ತು ಬೇಕಾಗಿತ್ತು. ಹಾಗಾದರೆ ಕನ್ನಡದ ಮಗು ಅರ್ಕಾವತ್ತಿನ ಮುಂದೆ ತಡವರಿಸುವುದಕ್ಕೆ ಕಾರಣ ಕ್ರಮ ತಪ್ಪಿರುವುದೇ, ಅಥವಾ ಒತ್ತಕ್ಷರಗಳೆಲ್ಲ ರೂಪದಲ್ಲಿ ಜಟಿಲವಾಗಿರುವುದೇ? ಸಾಮಾನ್ಯ ಪದಪಟ್ಟಿ ಕೊಟ್ಟು ಓದಿಸಿದರೆ ಇದು ತಿಳಿಯುವುದಿಲ್ಲ, ಎರಡು ಕಾರಣಗಳೂ ಒಟ್ಟಿಗೇ ಕೆಲಸ ಮಾಡುತ್ತಿರುತ್ತವೆ.

ಇಲ್ಲಿ ಕನ್ನಡ ಲಿಪಿಯೇ ಒಂದು ಅಪರೂಪದ ಅನುಕೂಲ ಮಾಡಿಕೊಟ್ಟಿದೆ. ‘ತರ್ಕ’ವನ್ನು ಎರಡು ಬಗೆಯಲ್ಲಿ ಬರೆಯಬಹುದು. ಕ ಬರೆದು ಅರ್ಕಾವತ್ತು ಹಾಕಬಹುದು, ಇಲ್ಲವೇ ರ ಬರೆದು ಅದರ ಕೆಳಗೆ ಕ ಒತ್ತು ಕೊಡಬಹುದು. ಪದ ಅದೇ, ಸದ್ದು ಅದೇ, ಅರ್ಥ ಅದೇ. ಎರಡನೆಯ ಬಗೆಯಲ್ಲಿ ಬರಹದ ಕ್ರಮ ಉಚ್ಚಾರದ ಕ್ರಮಕ್ಕೆ ಹೊಂದುತ್ತದೆ, ಆದರೆ ಪ್ರತಿ ವ್ಯಂಜನಕ್ಕೂ ಬೇರೆ ಬೇರೆ ಒತ್ತಿನ ರೂಪ ಗೊತ್ತಿರಬೇಕು. ಮೊದಲನೆಯ ಬಗೆಯಲ್ಲಿ ಚಿಹ್ನೆ ಯಾವಾಗಲೂ ಒಂದೇ, ಆದರೆ ಕ್ರಮ ಉಲ್ಟಾ. ಅಂದರೆ ರೂಪವೇ ಕಷ್ಟಕ್ಕೆ ಕಾರಣವಾದರೆ ಮಗುವಿಗೆ ಅರ್ಕಾವತ್ತು ಸುಲಭವಾಗಬೇಕು. ಕ್ರಮವೇ ಕಾರಣವಾದರೆ ಅರ್ಕಾವತ್ತೇ ಕಷ್ಟವಾಗಬೇಕು. ಎರಡು ವಿವರಣೆಗಳು ಒಂದೇ ಪದದ ಮೇಲೆ ವಿರುದ್ಧ ಭವಿಷ್ಯ ನುಡಿಯುತ್ತವೆ. ಯಾವುದು ಸರಿ ಎಂದು ನೋಡಲು ಈಗ ಒಂದು ಅಧ್ಯಯನ ಬೇಕು ಅನ್ನಿಸುತ್ತಿದೆಯಲ್ಲವೇ? ಈ ಅನ್ನಿಸಿಕೆಯನ್ನು ‘ಅತ್ಯಗತ್ಯ’ ಎಂಬ ವಿಶೇಷಣ ಹುಟ್ಟಿಸಲಾರದು.

ಈಗ ಆಕೆ ಬರೆಯುವ ಪ್ಯಾರಾ ಹೀಗಿರಬಹುದು:

‘ಕನ್ನಡದ ಮಕ್ಕಳಿಗೆ ಅಕ್ಷರಗಳ ಮೇಲೆ ಹಿಡಿತ ಬರಲು ನಾಲ್ಕನೆಯ ತರಗತಿಯವರೆಗೂ ಸಮಯ ಬೇಕಾಗುತ್ತದೆ (ನಾಗ್, 2007). ಇದಕ್ಕೆ ಅಕ್ಷರದ ಕಡೆಯ ಕಾರಣಗಳನ್ನು ಹುಡುಕಿದ ಅಧ್ಯಯನಗಳು ಬಳಕೆಯ ಪ್ರಮಾಣ ಮತ್ತು ರೂಪದ ಜಟಿಲತೆಯಂಥ ಅಂಶಗಳಿಗೆ ಗಮನ ಕೊಟ್ಟಿವೆ. ಹಿಂದಿಯಲ್ಲಿ ಬರಹದ ಕ್ರಮ ಉಚ್ಚಾರದ ಕ್ರಮಕ್ಕೆ ಹೊಂದದಿದ್ದಾಗ ಓದು ನಿಧಾನವಾಗುವುದು ಕಂಡುಬಂದಿದೆ (ವೈದ್ ಮತ್ತು ಗುಪ್ತಾ, 2002). ಕನ್ನಡದ ಅರ್ಕಾವತ್ತಿನಲ್ಲೂ ಕ್ರಮ ಹೀಗೆ ತಪ್ಪುತ್ತದೆ. ಆದರೆ ಅರ್ಕಾವತ್ತನ್ನು ಉಳಿದ ಒತ್ತಕ್ಷರಗಳ ಜೊತೆ ಸೇರಿಸಿ ನೋಡಿದಾಗ, ಮಗುವಿನ ತೊಡಕಿಗೆ ಕ್ರಮ ಎಷ್ಟು ಕಾರಣ, ರೂಪ ಎಷ್ಟು ಕಾರಣ ಎಂದು ಬೇರ್ಪಡಿಸಲು ಬರುವುದಿಲ್ಲ. ಇದು ತಿಳಿಯದಿರುವವರೆಗೆ, ‘ತರ್ಕ’ವನ್ನು ‘ತಕ್ರ’ ಎಂದು ಓದುವ ಮೂರನೆಯ ತರಗತಿಯ ಮಗು ಸಹಜವಾದ ಕಲಿಕೆಯ ಹಂತದಲ್ಲಿದೆಯೋ, ಓದಿನ ನ್ಯೂನತೆಯ ಲಕ್ಷಣ ತೋರುತ್ತಿದೆಯೋ ಎಂದು ಶಿಕ್ಷಕರು ನಿರ್ಧರಿಸಲು ಆಧಾರವಿರುವುದಿಲ್ಲ. ಒಂದೇ ಪದವನ್ನು ಎರಡು ಬಗೆಯಲ್ಲಿ ಬರೆಯುವ ಅವಕಾಶ ಕನ್ನಡದಲ್ಲಿ ಇರುವುದರಿಂದ ಈ ಎರಡು ಕಾರಣಗಳನ್ನು ಬಿಡಿಸಿ ನೋಡಬಹುದು.’

ಇದರಲ್ಲಿ ‘ನಡೆದೇ ಇಲ್ಲ’ ಎಂಬ ಮಾತಿಲ್ಲ, ‘ಕೊರತೆ’ಯಿಲ್ಲ, ‘ತುಂಬುವ ಪ್ರಯತ್ನ’ವಿಲ್ಲ. ಆದರೂ ಅಂತರ ಎದ್ದು ಕಾಣುತ್ತದೆ. ಹಿಂದಿನವರು ಮಾಡಿದ್ದನ್ನು ಗೌರವದಿಂದ, ಅವರು ಹೇಳಿದಷ್ಟೇ ಹೇಳಿದೆ. ‘ಆದರೆ’ ಬರುವ ಹೊತ್ತಿಗೆ ಓದುಗನಿಗೆ ಅದು ಬರುತ್ತದೆ ಎಂದು ಗೊತ್ತಾಗಿರುತ್ತದೆ. ‘ಕ್ರಮ’ ಎಂಬ ಪದ ಅಷ್ಟರಲ್ಲಿ ಮೂರು ಕಡೆ ಬಂದು ಕಿವಿಗೆ ಬಿದ್ದಿದೆ. ಈ ಪ್ಯಾರಾದಲ್ಲಿ ಬಳ್ಳಾರಿಯ ಬದಲು ಬೀದರ್ ಹಾಕುವ ಪ್ರಶ್ನೆಯೇ ಏಳುವುದಿಲ್ಲ, ಊರಿನ ಹೆಸರೇ ಅದರಲ್ಲಿಲ್ಲ. ಇದು ಮಾದರಿ ಮಾತ್ರ ಎಂಬುದನ್ನೂ ಹೇಳಬೇಕು. ನಿಜಕ್ಕೂ ಈ ವಿಷಯ ಎತ್ತಿಕೊಳ್ಳುವವರು ಅರ್ಕಾವತ್ತಿನ ಮೇಲೆ ನಡೆದ ಕೆಲಸವನ್ನೆಲ್ಲ ತಾವೇ ಹುಡುಕಿ ಓದಿ, ಆಮೇಲೆ ‘ಬರುವುದಿಲ್ಲ’ ಎಂಬ ಕ್ರಿಯಾಪದಕ್ಕೆ ಸಹಿ ಹಾಕಬೇಕು.

ಕೊನೆಗೂ ಒಂದು ‘ಇಲ್ಲ’ವನ್ನು ಬರೆಯಲೇಬೇಕಾದರೆ ಅದಕ್ಕೆ ಬೇಲಿ ಹಾಕಿ ಬರೆಯಬೇಕು. ಯಾವ ಸಂಗ್ರಹಗಳಲ್ಲಿ, ಯಾವ ಪದಗಳನ್ನು ಹಾಕಿ, ಯಾವ ತಿಂಗಳಿನವರೆಗೆ ಹುಡುಕಿದೆ ಎಂದು ಹೇಳಿ ‘ಇವುಗಳಲ್ಲಿ ಸಿಗಲಿಲ್ಲ’ ಎನ್ನುವುದು ಸತ್ಯವಾದ ಮಾತು. ‘ಈವರೆಗೆ ನಡೆದಿಲ್ಲ’ ಎನ್ನುವುದನ್ನು ಪರೀಕ್ಷಕರು ಒಂದೇ ಒಂದು ಹಳೆಯ ಎಂ.ಫಿಲ್. ಪ್ರಬಂಧದ ಹೆಸರು ಹೇಳಿ ಉರುಳಿಸಬಹುದು.

ಮೇಲಿನ ಪ್ಯಾರಾದಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ‘ತಕ್ರ’ ಎಂದು ಓದುವ ಮಗುವಿನ ವಾಕ್ಯಕ್ಕೆ. ಚಿಕಾಗೋ ವಿಶ್ವವಿದ್ಯಾಲಯದ ಮುದ್ರಣಾಲಯ 1995ರಲ್ಲಿ ಹೊರತಂದ ‘ದ ಕ್ರಾಫ್ಟ್ ಆಫ್ ರಿಸರ್ಚ್’ ಎಂಬ ಪುಸ್ತಕದಲ್ಲಿ ವೇಯ್ನ್ ಬೂತ್ ಮತ್ತು ಜೊತೆಗಾರರು ಈ ವಿಚಾರವನ್ನು ಚೆನ್ನಾಗಿ ಬಿಡಿಸಿದ್ದಾರೆ. ಅವರ ಪ್ರಕಾರ ಸಮಸ್ಯೆಗೆ ಎರಡು ಭಾಗ: ನಮಗೆ ಏನೋ ಗೊತ್ತಿಲ್ಲ ಎಂಬ ಸ್ಥಿತಿ ಒಂದು, ಗೊತ್ತಿಲ್ಲದ್ದರಿಂದ ತೆರಬೇಕಾದ ಬೆಲೆ ಇನ್ನೊಂದು. ನಮ್ಮ ಪ್ರಬಂಧಗಳು ಮೊದಲ ಭಾಗದಲ್ಲೇ ನಿಂತುಬಿಡುತ್ತವೆ. ಬೆಲೆ ಎಂದಾಕ್ಷಣ ಸಮಾಜಕ್ಕೆ, ಸರ್ಕಾರಕ್ಕೆ, ನೀತಿ ನಿರೂಪಕರಿಗೆ ಉಪಯೋಗ ಎಂದು ಬರೆಯುವ ಅಭ್ಯಾಸವಿದೆ. ಅಷ್ಟು ದೂರ ಹೋಗಬೇಕಿಲ್ಲ. ಈ ಉತ್ತರ ಇಲ್ಲದೆ ಯಾರ ಕೈಯಲ್ಲಿ ಯಾವ ಕೆಲಸ ನಿಂತಿದೆ ಎಂದು ತೋರಿಸಿದರೆ ಸಾಕು. ಬೆಲೆ ತೆರುವವರು ಬೇರೆ ಸಂಶೋಧಕರೇ ಆಗಿದ್ದರೂ ಅಡ್ಡಿಯಿಲ್ಲ. ಹಳಗನ್ನಡದ ಒಂದು ಕೃತಿಯ ಕಾಲ ಇತ್ಯರ್ಥವಾಗದೆ ಅದರ ಭಾಷೆಯನ್ನು ಆಧಾರ ಮಾಡಿಕೊಂಡ ವಾದಗಳೆಲ್ಲ ತೂಗಾಡುತ್ತಿದ್ದರೆ ಅದೂ ನಿಜವಾದ ಬೆಲೆಯೇ.

ಹೇಳಿದ ಅಂತರ ಮತ್ತು ಮಾಡುವ ಕೆಲಸ ಅಳತೆಯಲ್ಲಿ ಹೊಂದದಿರುವುದು ಇನ್ನೊಂದು ತೊಂದರೆ, ನಾನು ಕಂಡ ಮಟ್ಟಿಗೆ ಇದೇ ಹೆಚ್ಚು. ಪೀಠಿಕೆಯಲ್ಲಿ ‘ಕನ್ನಡದ ಮಕ್ಕಳು ಹೇಗೆ ಓದುತ್ತಾರೆ ಎಂದು ನಮಗೆ ಗೊತ್ತಿಲ್ಲ’ ಎಂದು ಬರೆದು, ಮೂರನೆಯ ಅಧ್ಯಾಯದಲ್ಲಿ ಎರಡು ಶಾಲೆಯ ಮಕ್ಕಳಿಗೆ ಒಂದು ಪದಪಟ್ಟಿ ಓದಿಸಿದರೆ ಓದುಗನಿಗೆ ಮೋಸವಾದಂತೆ ಅನ್ನಿಸುತ್ತದೆ. ಹುಳುಕು ಕಂಡುಹಿಡಿಯಲು ಸರಳ ಉಪಾಯವಿದೆ. ಅಂತರದ ವಾಕ್ಯವನ್ನು ಒಂದು ಹಾಳೆಯ ಮೇಲೆ, ಕೊನೆಯ ಅಧ್ಯಾಯದ ಮುಖ್ಯ ತೀರ್ಮಾನವನ್ನು ಅದರ ಕೆಳಗೆ ಬರೆಯಿರಿ. ಎರಡನೆಯದು ಮೊದಲನೆಯದಕ್ಕೆ ಉತ್ತರದಂತೆ ಓದಿಸಿಕೊಳ್ಳಬೇಕು. ಉತ್ತರ ಚಿಕ್ಕದಾಗಿದ್ದರೆ ಅಂತರವನ್ನು ಕತ್ತರಿಸಿ, ಉತ್ತರ ಬೇರೆ ಪ್ರಶ್ನೆಯದಾಗಿದ್ದರೆ ಅಂತರವನ್ನೇ ಮತ್ತೆ ಬರೆಯಿರಿ. ನಮ್ಮ ವಿದ್ಯಾರ್ಥಿನಿಗೂ ಇಲ್ಲೊಂದು ಎಚ್ಚರ ಬೇಕು. ಮಕ್ಕಳು ಪಠ್ಯಪುಸ್ತಕದಲ್ಲಿ ಯಾವ ರೂಪವನ್ನು ಹೆಚ್ಚು ನೋಡಿದ್ದಾರೋ ಅದನ್ನು ಬೇಗ ಓದಿಬಿಡಬಹುದು. ಆದ್ದರಿಂದ ಒಂದರಿಂದ ಮೂರನೆಯ ತರಗತಿಯ ಪುಸ್ತಕಗಳಲ್ಲಿ ಎರಡೂ ರೂಪಗಳು ಎಷ್ಟೆಷ್ಟು ಬಾರಿ ಬಂದಿವೆ ಎಂದು ಮೊದಲು ಎಣಿಸಿ, ಅದನ್ನು ಲೆಕ್ಕಕ್ಕೆ ಹಿಡಿಯದೆ ಆಕೆಯ ಅಂತರ ಪೂರ್ತಿಯಾಗುವುದಿಲ್ಲ.

ಹಾಗೆಂದು ಊರಿನ ಹೆಸರು ಅಂತರದಲ್ಲಿ ಬರಲೇಬಾರದೆಂದಲ್ಲ. ಬಳ್ಳಾರಿಯ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಕನ್ನಡ. ಮನೆಮಾತು ಬೇರೆಯಾದ ಮಗು ‘ತರ್ಕ’ದಂಥ ಪದದ ಸದ್ದನ್ನು ಮೊದಲೇ ಕೇಳಿರದಿದ್ದರೆ ಕ್ರಮ ತಪ್ಪಿದ ಬರಹ ಇನ್ನಷ್ಟು ತೊಡಕಾಗುತ್ತದೆಯೇ ಎಂಬುದು ಪ್ರಶ್ನೆಯಾದರೆ, ಬಳ್ಳಾರಿಗೆ ಅಲ್ಲಿ ಇರುವ ಹಕ್ಕಿದೆ. ಜಾಗವು ಕಾರಣವಾಗಿ ಬಂದರೆ ಸರಿ, ವಿಳಾಸವಾಗಿ ಬಂದರೆ ವ್ಯರ್ಥ.

ಕೆಲವು ದೊಡ್ಡ ಕೆಲಸಗಳಂತೂ ಖಾಲಿ ಜಾಗವನ್ನು ಹುಡುಕಿಕೊಂಡು ಹೋದವುಗಳೇ ಅಲ್ಲ. ಜಾತಿಯ ಬಗ್ಗೆ ಪುಸ್ತಕಗಳ ರಾಶಿಯೇ ಇದ್ದಾಗ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದಕ್ಕೆ ಹೋದರು. ಆ ಹಳ್ಳಿಯನ್ನು ಅವರು ತಮ್ಮ ಬರಹಗಳಲ್ಲಿ ‘ರಾಂಪುರ’ ಎಂದು ಕರೆದರು. ಗ್ರಂಥಗಳ ನಾಲ್ಕು ವರ್ಣಗಳ ಅಚ್ಚುಕಟ್ಟಾದ ಏಣಿಗೂ ಹಳ್ಳಿಯಲ್ಲಿ ಕಣ್ಣಿಗೆ ಕಾಣುವ ಜಾತಿಗಳ ಮೇಲು ಕೀಳಿನ ಜಗ್ಗಾಟಕ್ಕೂ ತಾಳೆಯಾಗುವುದಿಲ್ಲ ಎಂದು ಅವರು ತೋರಿಸಿದರು. 1959ರಲ್ಲಿ ರಾಂಪುರದ ಪ್ರಬಲ ಜಾತಿಯನ್ನು ಕುರಿತು ಬರೆದ ಲೇಖನವೂ ಇದೇ ಹಾದಿಯದು. ‘ಯಾರೂ ನೋಡಿಲ್ಲ’ ಎಂಬುದು ಅವರ ಅಂತರವಾಗಿರಲಿಲ್ಲ. ಎಲ್ಲರೂ ಒಪ್ಪಿಕೊಂಡ ಗ್ರಹಿಕೆಯೊಂದು ನೆಲದ ಮೇಲೆ ನಿಲ್ಲುತ್ತಿಲ್ಲ ಎಂಬುದೇ ಅವರ ಅಂತರ. 2011ರಲ್ಲಿ ಯೋರ್ಗೆನ್ ಸ್ಯಾಂಡ್‌ಬರ್ಗ್ ಮತ್ತು ಮ್ಯಾಟ್ಸ್ ಆಲ್ವೆಸನ್ ಎಂಬ ಇಬ್ಬರು ವಿದ್ವಾಂಸರು, ಸಂಶೋಧಕರು ಅಂತರ ಹೆಕ್ಕುವುದರಲ್ಲೇ ತೃಪ್ತರಾಗಿ ಹಿಂದಿನವರ ಗ್ರಹಿಕೆಗಳನ್ನು ಪ್ರಶ್ನಿಸುವುದನ್ನು ಬಿಟ್ಟಿದ್ದಾರೆ ಎಂದು ವಾದಿಸಿದರು. ನನಗೆ ಆ ವಾದ ಸರಿಯೆನಿಸುತ್ತದೆ. ಆದರೆ ಪ್ರಶ್ನಿಸಲು ಇನ್ನೂ ಹೆಚ್ಚು ಓದಬೇಕು ಎಂಬುದೂ ಅಷ್ಟೇ ನಿಜ. ಹಿಂದಿನವರ ಮಾತನ್ನು ಅವರೇ ಮೆಚ್ಚುವಂತೆ ವಿವರಿಸಲು ಬಾರದವರು ಅದನ್ನು ತಳ್ಳಿಹಾಕುವ ಗೋಜಿಗೆ ಹೋಗಬಾರದು.

ಅಂತರ ಗಟ್ಟಿಯಾಯಿತೇ ಎಂದು ತಿಳಿಯಲು ನಾನು ನಂಬುವ ಪರೀಕ್ಷೆ ಒಂದೇ. ಪೀಠಿಕೆಯನ್ನು ‘ಆದರೆ’ಯ ಹಿಂದಿನ ವಾಕ್ಯದವರೆಗೆ ಮುದ್ರಿಸಿ, ವಿಷಯ ಅಷ್ಟಾಗಿ ಗೊತ್ತಿಲ್ಲದ ಗೆಳೆಯರೊಬ್ಬರ ಕೈಗೆ ಕೊಡಿ. ಮುಂದೆ ಯಾವ ಪ್ರಶ್ನೆ ಬರುತ್ತದೆ ಎಂದು ಅವರನ್ನೇ ಬರೆಯಲು ಹೇಳಿ. ಅವರ ಪ್ರಶ್ನೆ ನಿಮ್ಮದಕ್ಕೆ ಹತ್ತಿರವಿದ್ದರೆ ಪೀಠಿಕೆ ತನ್ನ ಕೆಲಸ ಮಾಡಿದೆ. ಅವರು ಇನ್ನೊಂದೇ ಪ್ರಶ್ನೆ ಬರೆದರೆ ನೀವು ಪುರಾವೆ ಕೂಡಿಸಿದ್ದು ಅದರ ಕಡೆಗೆ ಎಂದರ್ಥ. ಅವರಿಗೆ ಯಾವ ಪ್ರಶ್ನೆಯೂ ಹೊಳೆಯದಿದ್ದರೆ, ಪೂರ್ವಾಧ್ಯಯನ ಸಮೀಕ್ಷೆ ಎಂದು ನೀವು ಬರೆದದ್ದು ‘ಇವರು ಹೀಗೆ ಹೇಳಿದ್ದಾರೆ, ಅವರು ಹಾಗೆ ಹೇಳಿದ್ದಾರೆ’ ಎಂಬ ಪಟ್ಟಿಯಾಗಿರುವ ಸಾಧ್ಯತೆ ಹೆಚ್ಚು.

ಮಾರ್ಗದರ್ಶಕರಲ್ಲಿ ಒಂದು ವಿನಂತಿ. ಸಾರಲೇಖದ ಹೊತ್ತಿಗೆ ವಿದ್ಯಾರ್ಥಿಗೆ ಓದಿನ ಅರ್ಧವೂ ಆಗಿರುವುದಿಲ್ಲ. ಆಗ ಬರೆದ ಅಂತರದ ವಾಕ್ಯವೇ ವರ್ಷಗಳ ನಂತರ ಹಾಗೆಯೇ ಮಹಾಪ್ರಬಂಧದಲ್ಲಿ ಅಚ್ಚಾಗುತ್ತದೆ, ಏಕೆಂದರೆ ಅದನ್ನು ಮತ್ತೆ ತೆರೆದು ನೋಡಲು ಯಾರೂ ಹೇಳಿರುವುದಿಲ್ಲ. ಪ್ರಬಂಧ ಒಪ್ಪಿಸುವ ಮುನ್ನ, ಕೊನೆಯ ಅಧ್ಯಾಯ ಮುಗಿದ ಮೇಲೆ, ಪೀಠಿಕೆಯ ಆ ಒಂದು ಪುಟವನ್ನು ಹೊಸದಾಗಿ ಬರೆದು ತರಲು ದಯವಿಟ್ಟು ಹೇಳಿ. ‘ಸಮಗ್ರ ಅಧ್ಯಯನ ನಡೆದಿಲ್ಲ’ ಎಂಬ ವಾಕ್ಯ ಮತ್ತೆ ಅದರಲ್ಲಿ ಕಂಡರೆ ಪುಟವನ್ನು ವಾಪಸ್ ಕೊಡಿ.